ಐದು ಅಂಕ ಯಾವುದಕ್ಕೆ?

ಮೂರನೇ ತರಗತಿಗೆ ಶಿಕ್ಷಕಿ ಬೇಕೆಂದುಕೊಳ್ಳಿ. ಡಿ.ಇಎಲ್.ಇಡಿ., ಟಿಇಟಿ ಎಂಬ ಅರ್ಹತೆಗಳನ್ನು ಬರೆದ ಮಾತ್ರಕ್ಕೆ ಹುದ್ದೆಯ ವಿವರ ಮುಗಿಯುವುದಿಲ್ಲ. ದಿನದ ಕೆಲಸವೂ ಅದರಲ್ಲಿರಬೇಕು: ‘30 ಮಕ್ಕಳಿಗೆ ಕನ್ನಡ, ಗಣಿತ ಕಲಿಸುವುದು, ಹಿಂದುಳಿದವರನ್ನು ಗುರುತಿಸಿ ಮತ್ತೆ ಕಲಿಸುವುದು, ಪೋಷಕರೊಡನೆ ಮಾತಾಡುವುದು.’ ಅಂಕಪಟ್ಟಿ ಹುಟ್ಟಬೇಕಾದದ್ದು ಈ ಸಾಲುಗಳಿಂದಲೇ.

ಎರಡನೆಯ ಸಾಲನ್ನೇ ನೋಡಿ. ಸಂದರ್ಶನದಲ್ಲಿ ಒಂದು ಮಗುವಿನ ಲೆಕ್ಕ ತೋರಿಸಿ: 42ರಲ್ಲಿ 17 ಕಳೆದರೆ 35. ‘ತಪ್ಪು, ಉತ್ತರ 25’ ಎಂದಷ್ಟೇ ಹೇಳಿದವರಿಗೆ 1 ಅಂಕ. ಮಗು ಏಳರಿಂದ ಎರಡನ್ನು ಕಳೆದಿದೆ ಎಂದು ಗುರುತಿಸಿದರೆ 3. ಗುರುತಿಸಿ, ಹತ್ತು ಕಡ್ಡಿಗಳ ಕಟ್ಟೊಂದನ್ನು ಬಿಚ್ಚಿ ತೋರಿಸಿದರೆ 5. ಯಾವ ಉತ್ತರಕ್ಕೆ ಎಷ್ಟೆಂಬುದನ್ನು ಮೊದಲೇ ಬರೆದಿಡದಿದ್ದರೆ, ನಿರರ್ಗಳ ಮಾತಿಗೇ ಅಂಕ ಬಿದ್ದುಬಿಡುತ್ತದೆ.

ಎಲ್ಲ ಅಭ್ಯರ್ಥಿಗಳಿಗೂ ಅದೇ ಲೆಕ್ಕ ಕೊಡಿ. ಮೂವರು ಸಂದರ್ಶಕರೂ ಮಾತಾಡಿಕೊಳ್ಳುವ ಮುನ್ನವೇ ಅಂಕ ಬರೆಯಲಿ; ಇಲ್ಲವಾದರೆ ಹಿರಿಯರ ಅಭಿಪ್ರಾಯವೇ ಎಲ್ಲರದಾಗುತ್ತದೆ. ಒಬ್ಬರು 5, ಇನ್ನೊಬ್ಬರು 2 ಕೊಟ್ಟಿದ್ದರೆ ಸರಾಸರಿ ಹಾಕಿ ಮುಗಿಸಬೇಡಿ. ಅಭ್ಯರ್ಥಿ ಹೇಳಿದ್ದೇನು, ಮಾಡಿದ್ದೇನು ಎಂಬ ಟಿಪ್ಪಣಿಗಳನ್ನು ಎದುರಿಟ್ಟು ಚರ್ಚಿಸಿ.

ಆದರೂ ಹಾಳೆಯೊಂದರಿಂದ ಎಲ್ಲವೂ ತಿಳಿಯದು. ಅದಕ್ಕೇ ನಿಜವಾದ ಮಕ್ಕಳೆದುರು 20 ನಿಮಿಷ ಪಾಠ ಮಾಡಿಸಿ, ಹಿಂದಿನ ಬೆಂಚಿನ ಮಗುವನ್ನು ಅವರು ಮಾತಾಡಿಸಿದರೇ ಎಂದು ಗಮನಿಸಿ.