ಮೊದಲ ನಾಲ್ಕು ಅಂಕಿಗಳು ಹೇಳುವುದೇನು?

ಮೊಬೈಲ್ ಸಂಖ್ಯೆಯ ಮೊದಲ ನಾಲ್ಕು ಅಂಕಿಗಳನ್ನು ನೋಡಿ ಅದು ಯಾವ ಕಂಪನಿಯದು, ಯಾವ ರಾಜ್ಯದ್ದು ಎಂದು ನಿರ್ಣಯಿಸುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. 9845 ಎಂದರೆ ಏರ್‌ಟೆಲ್, 9448 ಎಂದರೆ ಬಿಎಸ್‌ಎನ್‌ಎಲ್, ಎರಡೂ ಕರ್ನಾಟಕದವು. ಒಂದು ಕಾಲಕ್ಕೆ ಈ ಲೆಕ್ಕ ಸರಿಯಾಗಿಯೇ ಇತ್ತು. ದೂರಸಂಪರ್ಕ ಇಲಾಖೆಯು ಸಂಖ್ಯೆಗಳನ್ನು ದೊಡ್ಡ ಗುಚ್ಛಗಳಾಗಿ ವಿಂಗಡಿಸಿ, ಪ್ರತಿ ಸರ್ಕಲ್‌ನಲ್ಲಿ ಪ್ರತಿ ಕಂಪನಿಗೆ ಪ್ರತ್ಯೇಕವಾಗಿ ಹಂಚುತ್ತಿತ್ತು. ಆದರೆ ಹೀಗೆ ಹಂಚಿದ ಸಂಖ್ಯೆ ಆನಂತರ ಎಲ್ಲಿಗೆ ಹೋಯಿತೆಂಬುದನ್ನು ಆ ಅಂಕಿಗಳು ಹೇಳಲಾರವು.

2011ರ ಜನವರಿ 20ರಂದು ದೇಶದಾದ್ಯಂತ ನಂಬರ್ ಪೋರ್ಟಬಿಲಿಟಿ ಜಾರಿಗೆ ಬಂದಾಗ ಗ್ರಾಹಕನು ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವುದು ಸಾಧ್ಯವಾಯಿತು. ಆದರೆ ಅದು ಒಂದೇ ಸರ್ಕಲ್‌ನ ಒಳಗೆ ಮಾತ್ರ. ಆದ್ದರಿಂದ ಕಂಪನಿಯ ಗುರುತು ಅಳಿಸಿದರೂ ರಾಜ್ಯದ ಗುರುತು ಇನ್ನೂ ನಾಲ್ಕೂವರೆ ವರ್ಷ ಉಳಿದಿತ್ತು. 2015ರ ಜುಲೈ 3ರಿಂದ ಆ ಗಡಿಯೂ ಹೋಯಿತು.

ಒಂದು ಉದಾಹರಣೆ ನೋಡೋಣ. 2002ರಲ್ಲಿ ಬೆಂಗಳೂರಿನಲ್ಲಿ ಕೊಂಡ 9845ರ ಒಂದು ಸಂಖ್ಯೆ. ಅದರ ಒಡೆಯರು 2012ರಲ್ಲಿ ಬೇರೊಂದು ಕಂಪನಿಗೆ ಬದಲಾದರು. 2016ರಲ್ಲಿ ಪುಣೆಗೆ ವರ್ಗವಾಗಿ ಹೋದಾಗ ಮಹಾರಾಷ್ಟ್ರ ಸರ್ಕಲ್‌ನ ಮೂರನೆಯ ಕಂಪನಿಗೆ ಸೇರಿದರು. ಈಗ ಮೈಸೂರಿನಿಂದ ಅವರ ತಂಗಿ ಕರೆ ಮಾಡಿದರೆ, ತಂಗಿಯ ಕಂಪನಿಯು ಆ ಅಂಕಿಗಳನ್ನು ನೋಡಿ ದಾರಿ ಹಿಡಿಯುವುದಿಲ್ಲ. ಮೊದಲು ಪೋರ್ಟ್ ಆದ ಸಂಖ್ಯೆಗಳ ದತ್ತಸಂಚಯವನ್ನು ಕೇಳುತ್ತದೆ. ಅಲ್ಲಿಂದ ದೊರೆತ ಮಾರ್ಗಸಂಕೇತವನ್ನು ಸಂಖ್ಯೆಗೆ ಜೋಡಿಸಿ ಕರೆಯನ್ನು ಸಾಗಿಸುತ್ತದೆ. ನಿಜವಾದ ವಿಳಾಸವಿರುವುದು ಆ ಸಂಕೇತದಲ್ಲಿ. ನಮ್ಮ ಪರದೆಯ ಮೇಲಾದರೋ ಅದು ಎಂದೂ ಮೂಡುವುದಿಲ್ಲ. ಅಲ್ಲಿ ಕಾಣುವುದು ಅದೇ ಹಳೆಯ 9845.

ಪೋರ್ಟ್ ಆಗದ ಸಂಖ್ಯೆಯ ಗತಿಯೂ ಹೆಚ್ಚು ಭಿನ್ನವಲ್ಲ. 9844 ಎಂದರೆ ಕರ್ನಾಟಕದಲ್ಲಿ ಸ್ಪೈಸ್ ಎಂದಿತ್ತು. ಸ್ಪೈಸ್ ಐಡಿಯಾದಲ್ಲಿ ಲೀನವಾಯಿತು, 2018ರಲ್ಲಿ ಐಡಿಯಾ ವೊಡಾಫೋನಿನೊಡನೆ ಕೂಡಿತು. ಗ್ರಾಹಕ ಕುಳಿತಲ್ಲಿಯೇ ಕುಳಿತಿದ್ದರೂ ಒಡೆಯರು ಬದಲಾಗಿದ್ದಾರೆ.

ಇದರಿಂದ ಆಗುವ ನಷ್ಟವೇನು? ಅರ್ಥಶಾಸ್ತ್ರದ ದೃಷ್ಟಿಯಿಂದ ಪೋರ್ಟಬಿಲಿಟಿ ಒಳ್ಳೆಯ ಸುಧಾರಣೆಯೇ. ಸಂಖ್ಯೆ ಕಳೆದುಕೊಳ್ಳುವ ಭಯವೇ ಗ್ರಾಹಕನನ್ನು ಕಟ್ಟಿಹಾಕಿತ್ತು, ಆ ಕಟ್ಟು ಸಡಿಲವಾಯಿತು. ಆದರೆ ಇದಕ್ಕೆ ಒಂದು ಬೆಲೆಯಿತ್ತು. 2019ರ ಅಕ್ಟೋಬರಿನಲ್ಲಿ ಜಿಯೊ ಇತರ ಕಂಪನಿಗಳ ಮೊಬೈಲ್‌ಗೆ ಮಾಡುವ ಕರೆಗೆ ನಿಮಿಷಕ್ಕೆ 6 ಪೈಸೆ ವಿಧಿಸಿತು. ತಾನು ಕರೆಯುತ್ತಿರುವ ಸಂಖ್ಯೆ ಜಿಯೊದ್ದೋ ಅಲ್ಲವೋ ಎಂಬುದು ಕರೆಯುವವನಿಗೆ ಸಂಖ್ಯೆಯಿಂದ ತಿಳಿಯುವಂತಿರಲಿಲ್ಲ. ಬೆಲೆ ತಿಳಿಯದೆ ಸರಕು ಕೊಳ್ಳುವ ಸ್ಥಿತಿ ಅದು. 2021ರ ಜನವರಿ 1ರಂದು ಕಂಪನಿಗಳ ನಡುವಣ ಆ ಶುಲ್ಕವೇ ರದ್ದಾದ್ದರಿಂದ ಈ ತೊಡಕು ತಪ್ಪಿತು. ಉಳಿದಿರುವುದು ರೀಚಾರ್ಜಿನ ತೊಡಕು. ಊರಿನಲ್ಲಿರುವ ತಾಯಿಯ ಸಂಖ್ಯೆಗೆ ಹಣ ತುಂಬುವಾಗ, ಅಂಕಿ ನೋಡಿ ಕಂಪನಿಯನ್ನು ಊಹಿಸಿದರೆ ರೀಚಾರ್ಜ್ ವಿಫಲವಾಗಿ ಹಣ ಮರಳುವವರೆಗೆ ಕಾಯಬೇಕಾದೀತು. ತಾಯಿಯನ್ನೇ ಕೇಳುವುದು ಸುಲಭ.

ಹಾಗಾದರೆ ಇಂದಿಗೂ ನಂಬಬಹುದಾದುದು ಯಾವುದು? ದೇಶದ ಸಂಕೇತವನ್ನು, ಒಂದು ಮಿತಿಯಲ್ಲಿ, ನಂಬಬಹುದು. ಪೋರ್ಟಬಿಲಿಟಿ ದೇಶದ ಗಡಿ ದಾಟುವುದಿಲ್ಲ. +91 ಎಂಬುದು ಎಷ್ಟು ಕಂಪನಿ ಬದಲಿಸಿದರೂ ಭಾರತದ ಸಂಖ್ಯೆಯೇ. ಆದರೆ ಎಲ್ಲ ಸಂಕೇತಗಳೂ ಒಂದು ದೇಶಕ್ಕೆ ಒಂದರಂತೆ ಇಲ್ಲ. +7 ರಷ್ಯಕ್ಕೂ ಕಜಾಕ್‌ಸ್ತಾನಕ್ಕೂ ಸಮಾನ. ಮುಂದಿನ ಅಂಕಿ 9 ಆದರೆ ರಷ್ಯದ ಮೊಬೈಲ್, 7 ಆದರೆ ಕಜಾಕ್‌ಸ್ತಾನದ್ದು. ಅಲ್ಲಿ ಆ ಅಂಕಿಯನ್ನು ನಂಬಬಹುದು, ಏಕೆಂದರೆ ಒಂದು ದೇಶದ ಸಂಖ್ಯೆಯನ್ನು ಇನ್ನೊಂದಕ್ಕೆ ಒಯ್ಯಲು ಬರುವುದಿಲ್ಲ.

ಸಂಕೇತ ಹೇಳುವುದು ಸಂಖ್ಯೆ ಎಲ್ಲಿ ಹುಟ್ಟಿತೆಂಬುದನ್ನು. ಫೋನು ಎಲ್ಲಿದೆ ಎಂಬುದನ್ನಲ್ಲ. ರೋಮಿಂಗ್‌ನಲ್ಲಿರುವವರು ದುಬೈಯಿಂದ ಮಾತನಾಡಿದರೂ ಕಾಣುವುದು +91. ವಿದೇಶದಿಂದ ಬರುವ ಕರೆಗೆ ಭಾರತದ ಸಂಖ್ಯೆಯ ಮುಖವಾಡ ತೊಡಿಸುವ ವಂಚಕರೂ ಇದ್ದಾರೆ. ಅಂತಹ ಕರೆಗಳನ್ನು ತಡೆಯುವ ಕೇಂದ್ರೀಯ ವ್ಯವಸ್ಥೆಯನ್ನು ಸರ್ಕಾರ 2024ರ ಅಕ್ಟೋಬರಿನಲ್ಲಿ ಆರಂಭಿಸಿತು. ಸ್ಥಿರ ದೂರವಾಣಿಗೆ ಪೋರ್ಟಬಿಲಿಟಿ ಇಲ್ಲದ ಕಾರಣ 080 ಎಂಬುದು ಈಗಲೂ ಬೆಂಗಳೂರಿನ ಸಂಕೇತವೇ.

ಮೊದಲ ನಾಲ್ಕು ಅಂಕಿಗಳಿಗೂ ಅಷ್ಟಿಷ್ಟು ಬೆಲೆ ಉಳಿದಿದೆ. ಪುಣೆಯ ಆ ಗ್ರಾಹಕರು ಸಂಖ್ಯೆಯನ್ನು ತೊರೆದರೆ ಅದು ಕೊನೆಯ ಕಂಪನಿಗೆ ಸೇರುವುದಿಲ್ಲ. ನಿಯಮದಂತೆ, ಆ ಗುಚ್ಛವನ್ನು ಮೊದಲು ಪಡೆದ ಕರ್ನಾಟಕದ ಕಂಪನಿಗೇ ಮರಳುತ್ತದೆ.