ಹಿಚುಕಿದರೂ ನಿಲ್ಲದ ಕರೆಂಟು

ಹಳೆಯ ಟೇಪ್‌ರೆಕಾರ್ಡರ್‌ಗಳ ಎಲೆಕ್ಟ್ರೆಟ್ ಮೈಕನ್ನು ಬಿಚ್ಚಿದರೆ ಒಳಗೆ ಕಾಳಿನಷ್ಟು ಪುಟ್ಟ ಟ್ರಾನ್ಸಿಸ್ಟರ್ ಒಂದು ಸಿಗುತ್ತದೆ. ಅದೇ ಜೆಫೆಟ್. ಮೈಕಿನ ತೆಳುಪೊರೆ ಹುಟ್ಟಿಸುವ ವೋಲ್ಟೇಜಿಗೆ ಕರೆಂಟು ಕೊಡುವ ಶಕ್ತಿ ಇಲ್ಲವೇ ಇಲ್ಲ ಎನ್ನಬಹುದು. ಜೆಫೆಟ್‌ನ ಗೇಟ್ ಕರೆಂಟನ್ನು ಹೆಚ್ಚುಕಡಿಮೆ ಕೇಳುವುದೇ ಇಲ್ಲವಾದ್ದರಿಂದ ಇಬ್ಬರಿಗೂ ಹೊಂದಿಕೆಯಾಗುತ್ತದೆ.

1952ರಲ್ಲಿ ವಿಲಿಯಂ ಶಾಕ್ಲಿ ಇದರ ಸಿದ್ಧಾಂತವನ್ನು ಪ್ರಕಟಿಸಿದರು. ಮರುವರ್ಷವೇ ಬೆಲ್ ಲ್ಯಾಬ್ಸ್‌ನಲ್ಲಿ ಡೇಸಿ ಮತ್ತು ರಾಸ್ ಅದನ್ನು ಮಾಡಿ ತೋರಿಸಿದರು. ರಚನೆ ಸರಳ. ಸೋರ್ಸ್‌ನಿಂದ ಡ್ರೇನ್‌ವರೆಗೆ ಸಿಲಿಕಾನಿನ ಒಂದು ಹಾದಿ, ಅದೇ ಚಾನೆಲ್. ಅದರ ಬದಿಯಲ್ಲಿ ವಿರುದ್ಧ ಜಾತಿಯ ಸಿಲಿಕಾನಿನ ಗೇಟ್. ಎನ್-ಚಾನೆಲ್ ಜೆಫೆಟ್‌ನಲ್ಲಿ ಗೇಟಿಗೆ ಸೋರ್ಸ್‌ಗಿಂತ ಕಡಿಮೆ, ಅಂದರೆ ಋಣ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನುಗಳಿಲ್ಲದ ಬರಿದು ಪದರ ಚಾನೆಲಿನೊಳಗೆ ಹಬ್ಬಿ ಹಾದಿ ಕಿರಿದಾಗುತ್ತದೆ.

ಗೇಟನ್ನು ಸೋರ್ಸ್‌ಗೇ ಜೋಡಿಸಿ ಡ್ರೇನ್ ವೋಲ್ಟೇಜನ್ನು ಸೊನ್ನೆಯಿಂದ ಏರಿಸುತ್ತ ಹೋದರೆ ಮೊದಲು ಕರೆಂಟೂ ಏರುತ್ತದೆ. ಆದರೆ ಡ್ರೇನ್ ತುದಿಯಲ್ಲಿ ವೋಲ್ಟೇಜ್ ಹೆಚ್ಚು, ಹಾಗಾಗಿ ಬರಿದು ಪದರವೂ ಅಲ್ಲೇ ದಪ್ಪ. ಒಂದು ಹಂತದಲ್ಲಿ ಆ ತುದಿಯಲ್ಲಿ ಹಾದಿ ಮುಚ್ಚಿಹೋಗುತ್ತದೆ. ಇದೇ ಪಿಂಚ್-ಆಫ್. ಹೊಸದಾಗಿ ಕಲಿಯುವವರು ಎಡವುವುದು ಇಲ್ಲಿಯೇ: ಹಾದಿ ಮುಚ್ಚಿದ ಮೇಲೆ ಕರೆಂಟು ನಿಲ್ಲಬೇಕಲ್ಲವೇ?

ನಿಲ್ಲುವುದಿಲ್ಲ. ಮುಚ್ಚಿದ ತುದಿಯವರೆಗೆ ಬಂದ ಎಲೆಕ್ಟ್ರಾನುಗಳನ್ನು ಅಲ್ಲಿನ ಪ್ರಬಲ ವಿದ್ಯುತ್ ಕ್ಷೇತ್ರ ಡ್ರೇನ್ ಕಡೆಗೆ ಸೆಳೆದುಕೊಳ್ಳುತ್ತದೆ. ಜೋಗದಲ್ಲಿ ಎಷ್ಟು ನೀರು ಬೀಳುತ್ತದೆ ಎಂಬುದನ್ನು ಮೇಲಿಂದ ಬರುವ ಶರಾವತಿ ನಿರ್ಧರಿಸುತ್ತಾಳೆಯೇ ಹೊರತು ಜಲಪಾತದ ಎತ್ತರವಲ್ಲ. ಹಾಗೆಯೇ ಡ್ರೇನ್ ವೋಲ್ಟೇಜನ್ನು ಇನ್ನೂ ಏರಿಸಿದರೆ ಆ ಹೆಚ್ಚುವರಿಯೆಲ್ಲ ಮುಚ್ಚಿದ ತುದಿಯಲ್ಲೇ ಇಳಿದುಹೋಗಿ, ಕರೆಂಟು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಗೇಟ್ ಸೊನ್ನೆಯಲ್ಲಿದ್ದಾಗಿನ ಆ ಮಟ್ಟಕ್ಕೆ IDSS ಎನ್ನುತ್ತಾರೆ. ಕರೆಂಟು ನಿಜಕ್ಕೂ ನಿಲ್ಲುವುದು ಗೇಟಿನ ಋಣ ವೋಲ್ಟೇಜ್ VP ತಲುಪಿ ಇಡೀ ಹಾದಿ ಮುಚ್ಚಿದಾಗ ಮಾತ್ರ.

ಈ ಎರಡು ತುದಿಗಳ ನಡುವೆ ಗೇಟ್ ವೋಲ್ಟೇಜಿಗೂ ಡ್ರೇನ್ ಕರೆಂಟಿಗೂ ಇರುವ ಸಂಬಂಧವೇ ವರ್ಗಾವಣೆ ರೇಖೆ. ಅದನ್ನು ವರ್ಗ ನಿಯಮ ಹೀಗೆ ಹೇಳುತ್ತದೆ:

ID = IDSS × (1 − VGS/VP)²

IDSS 4 ಮಿಲಿಆಂಪಿಯರ್, VP −2 ವೋಲ್ಟ್ ಇರುವ ಜೆಫೆಟ್ ಒಂದನ್ನು ತೆಗೆದುಕೊಳ್ಳೋಣ. ಗೇಟಿಗೆ −1 ವೋಲ್ಟ್, ಅಂದರೆ VPಯ ಅರ್ಧ ಕೊಟ್ಟರೆ ಕರೆಂಟು ಅರ್ಧಕ್ಕಲ್ಲ, ಕಾಲು ಭಾಗಕ್ಕೆ, 1 ಮಿಲಿಆಂಪಿಯರ್‌ಗೆ ಇಳಿಯುತ್ತದೆ. ಹಾಗಾಗಿ ರೇಖೆ ನೇರವಾಗಿರದೆ ಬಾಗಿರುತ್ತದೆ.

ಆದರೆ ಗೇಟಿಗೆ ಬ್ಯಾಟರಿಯಿಂದ −1 ವೋಲ್ಟನ್ನು ಕಟ್ಟಿಹಾಕುವುದು ಒಳ್ಳೆಯ ಉಪಾಯವಲ್ಲ. 2N5457 ಎಂಬ ಒಂದೇ ನಂಬರಿನ ಜೆಫೆಟ್‌ಗಳಲ್ಲಿ IDSS 1ರಿಂದ 5 ಮಿಲಿಆಂಪಿಯರ್‌ವರೆಗೆ ಎಷ್ಟಾದರೂ ಇರಬಹುದು; VP −0.5ರಿಂದ −6 ವೋಲ್ಟ್‌ವರೆಗೆ. ಅದೇ ನಂಬರಿನ ಇನ್ನೊಂದರಲ್ಲಿ IDSS 2 ಮಿಲಿಆಂಪಿಯರ್, VP −1 ವೋಲ್ಟ್ ಇದ್ದರೆ ಆ −1 ವೋಲ್ಟಿಗೆ ಅದು ಪೂರ್ತಿ ಮುಚ್ಚಿಕೊಳ್ಳುತ್ತದೆ. ಸರ್ಕ್ಯೂಟ್ ಸತ್ತಂತೆಯೇ.

ಬದಲಿಗೆ ಗೇಟನ್ನು ದೊಡ್ಡ ರೆಸಿಸ್ಟರ್ ಮೂಲಕ ಗ್ರೌಂಡಿಗೆ ಕಟ್ಟಿ, ಸೋರ್ಸ್‌ನ ಕೆಳಗೆ 1 ಕಿಲೋಓಮ್ ರೆಸಿಸ್ಟರ್ ಇಡುತ್ತಾರೆ. ಕರೆಂಟು ಹರಿದಂತೆ ಸೋರ್ಸ್ ಮೇಲೇರಿ, ಅದಕ್ಕೆ ಹೋಲಿಸಿದರೆ ಗೇಟ್ ತಾನಾಗಿಯೇ ಋಣವಾಗುತ್ತದೆ. ಕರೆಂಟು I ಮಿಲಿಆಂಪಿಯರ್ ಇದ್ದರೆ VGS ಎಂದರೆ −I ವೋಲ್ಟ್. ಮೊದಲನೆಯ ಜೆಫೆಟ್‌ನ ನಿಯಮದಲ್ಲಿ ಇದನ್ನು ಹಾಕಿದರೆ:

4(1 − I/2)² = I, ಅಂದರೆ I² − 5I + 4 = 0

ಉತ್ತರ ಎರಡು ಬರುತ್ತವೆ: 1 ಮತ್ತು 4. ನಾಲ್ಕು ಸರಿಯಾಗಿದ್ದರೆ VGS −4 ಆಗಬೇಕು. −2ಕ್ಕೇ ಮುಚ್ಚುವ ಜೆಫೆಟ್‌ನಲ್ಲಿ ಆಗ ಕರೆಂಟೇ ಇರುವುದಿಲ್ಲ. ಅದನ್ನು ಬಿಟ್ಟರೆ ಉಳಿಯುವುದು 1 ಮಿಲಿಆಂಪಿಯರ್. ಎರಡನೆಯ ಜೆಫೆಟ್‌ಗೂ ಹೀಗೇ ಲೆಕ್ಕ ಹಾಕಿದರೆ 0.5 ಮಿಲಿಆಂಪಿಯರ್ ಬರುತ್ತದೆ. ಕರೆಂಟು ತಗ್ಗಿತು ನಿಜ, ಆದರೆ ಸರ್ಕ್ಯೂಟ್ ಬದುಕಿದೆ.

ಈ ಲೆಕ್ಕಕ್ಕೆ ಒಂದು ಷರತ್ತಿದೆ. ಡ್ರೇನ್ ತುದಿ ಪಿಂಚ್ ಆಗಿರಲೇಬೇಕು. ಮೊದಲ ಜೆಫೆಟ್‌ನಲ್ಲಿ ಅದಕ್ಕೆ ಡ್ರೇನ್ ಮತ್ತು ಸೋರ್ಸ್ ನಡುವೆ ಕನಿಷ್ಠ 1 ವೋಲ್ಟ್ ಬೇಕು. 12 ವೋಲ್ಟ್ ಸಪ್ಲೈಗೆ 4.7 ಕಿಲೋಓಮ್ ಡ್ರೇನ್ ರೆಸಿಸ್ಟರ್ ಹಾಕಿದರೆ ಡ್ರೇನ್ 7.3ರಲ್ಲಿ, ಸೋರ್ಸ್ 1ರಲ್ಲಿ ನಿಲ್ಲುತ್ತವೆ, ನಡುವೆ 6.3 ವೋಲ್ಟ್, ಚಿಂತೆಯಿಲ್ಲ. 10 ಕಿಲೋಓಮ್ ಹಾಕಿದರೆ ಉಳಿಯುವುದು ಬರೀ 1 ವೋಲ್ಟ್, ಸರಿಯಾಗಿ ಅಂಚಿನಲ್ಲಿ. ಅದಕ್ಕಿಂತ ದೊಡ್ಡದಾದರೆ ವರ್ಗ ನಿಯಮ ಕೈಕೊಡುತ್ತದೆ, ಶಬ್ದವೂ ಕೆಡುತ್ತದೆ.

ಬೆಸುಗೆಗೆ ಮೊದಲು ಕೈಯಲ್ಲಿರುವ ಜೆಫೆಟ್‌ನ ಎರಡೂ ಅಂಕಿಗಳನ್ನು ಅಳೆದುಕೊಳ್ಳಿ. ಡ್ರೇನಿಗೆ 9 ವೋಲ್ಟ್ ಬ್ಯಾಟರಿ ಕೊಟ್ಟು, ಗೇಟ್ ಮತ್ತು ಸೋರ್ಸನ್ನು ಒಟ್ಟಿಗೆ ಮಿಲಿಆಂಪಿಯರ್ ಮೀಟರ್ ಮೂಲಕ ಗ್ರೌಂಡಿಗೆ ಕಟ್ಟಿದರೆ IDSS ಸಿಗುತ್ತದೆ. ಗೇಟನ್ನು ನೇರ ಗ್ರೌಂಡಿಗೆ ಹಾಕಿ, ಸೋರ್ಸ್ ಮತ್ತು ಗ್ರೌಂಡ್ ನಡುವೆ 10 ಮೆಗಾಓಮ್‌ನ ಡಿಜಿಟಲ್ ವೋಲ್ಟ್‌ಮೀಟರ್ ಮಾತ್ರ ಇಟ್ಟರೆ ಅದು ತೋರಿಸುವ ಅಂಕಿ, ಋಣ ಚಿಹ್ನೆ ಬಿಟ್ಟು, VPಗೆ ತೀರಾ ಹತ್ತಿರ. ನಮ್ಮ ಮೊದಲ ಜೆಫೆಟ್‌ನಲ್ಲಿ ವ್ಯತ್ಯಾಸ ಶೇಕಡ 1ಕ್ಕಿಂತ ಕಡಿಮೆ.