ಫೈಲ್ ಅಲ್ಲೇ ಇದೆ, ಕೈಗೆ ಮಾತ್ರ ಬರುತ್ತಿಲ್ಲ

ಸ್ಪರ್ಧಾತ್ಮಕ ಪರೀಕ್ಷೆ ಹತ್ತಿರ ಬಂತೆಂದರೆ ಹಳೆಯ ಪ್ರಶ್ನೆಪತ್ರಿಕೆಗಳ ಪಿಡಿಎಫ್ ಲಿಂಕೊಂದು ವಾಟ್ಸಾಪ್ ಗುಂಪಿನಿಂದ ಗುಂಪಿಗೆ ಹಾರತೊಡಗುತ್ತದೆ. ಬೆಳಿಗ್ಗೆ ಒತ್ತಿದವರಿಗೆಲ್ಲ ಫೈಲ್ ಸಿಕ್ಕಿರುತ್ತದೆ. ಸಂಜೆ ಒತ್ತಿದವರಿಗೆ ಗೂಗಲ್ ಡ್ರೈವ್ ಹೇಳುವುದು ಇಷ್ಟೇ: "Sorry, you can't view or download this file at this time." ಅದರ ಕೆಳಗೆ, ಇತ್ತೀಚೆಗೆ ತುಂಬಾ ಜನ ಇದನ್ನು ನೋಡಿದ್ದಾರೆ ಅಥವಾ ಇಳಿಸಿಕೊಂಡಿದ್ದಾರೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ, ಫೈಲ್ ದೊಡ್ಡದಾಗಿದ್ದರೆ 24 ಗಂಟೆಯವರೆಗೂ ಕಾಯಬೇಕಾಗಬಹುದು ಎಂಬ ವಿವರಣೆ. ಆಮೇಲೂ ಸಿಗದಿದ್ದರೆ ನಿಮ್ಮ ಡೊಮೇನ್ ಅಡ್ಮಿನಿಸ್ಟ್ರೇಟರನ್ನು ಕೇಳಿ ಎಂಬ ಸಲಹೆಯೂ ಉಂಟು. ಆ ಮಾತು ಕಚೇರಿ, ಕಾಲೇಜುಗಳು ಕೊಟ್ಟ ಖಾತೆ ಇರುವವರಿಗೆ. ಮಾಮೂಲಿ ಜಿಮೇಲ್ ಇಟ್ಟುಕೊಂಡವರಿಗೆ ಅಂಥ ಅಧಿಕಾರಿ ಯಾರೂ ಇರುವುದಿಲ್ಲ, ಹುಡುಕುವ ಶ್ರಮ ಬೇಡ.

ಈ ಪುಟ ಕಂಡವರು ಮೊದಲು ಮಾಡುವುದು ರಿಫ್ರೆಶ್. ಆಮೇಲೆ ಬೇರೆ ಬ್ರೌಸರ್, ಬೇರೆ ಫೋನು, ವೈಫೈ ಬಿಟ್ಟು ಮೊಬೈಲ್ ಡೇಟಾ. ಯಾವುದರಿಂದಲೂ ಏನೂ ಆಗುವುದಿಲ್ಲ. ಗೂಗಲ್ ಇಲ್ಲಿ ಎಣಿಸುತ್ತಿರುವುದು ನಿಮ್ಮನ್ನಲ್ಲ, ಆ ಫೈಲನ್ನು. ಇಂದು ಅದು ಎಷ್ಟು ಸಲ ಹೊರಗೆ ಹೋಯಿತು ಎಂಬ ಲೆಕ್ಕ ಫೈಲಿನ ಮೇಲೇ ಕೂತಿದೆ. ಆ ಲೆಕ್ಕ ಮಿತಿ ದಾಟಿದ ಮೇಲೆ ಲಿಂಕನ್ನು ಯಾರು, ಯಾವ ಊರಿನಿಂದ, ಯಾವ ಯಂತ್ರದಿಂದ ಒತ್ತಿದರೂ ಉತ್ತರ ಒಂದೇ. ಫೈಲ್ ಅಳಿಸಿಹೋಗಿಲ್ಲ, ಲಿಂಕ್ ಕೆಟ್ಟಿಲ್ಲ, ನಿಮ್ಮ ಖಾತೆಯಲ್ಲೂ ದೋಷವಿಲ್ಲ.

ಡ್ರೈವ್ ತೋರಿಸುವ ಎಲ್ಲ ತಡೆಯೂ ಇದೇ ಅಲ್ಲ ಎಂಬುದನ್ನೂ ನೆನಪಿಡಬೇಕು. ಅನುಮತಿ ಕೇಳಿ ಎನ್ನುವ ಪುಟ ಬಂದರೆ ಮಾಲೀಕರು ಲಿಂಕನ್ನು ಎಲ್ಲರಿಗೂ ತೆರೆದಿಲ್ಲ ಎಂದರ್ಥ, ಅದಕ್ಕೆ ಕಾದು ಫಲವಿಲ್ಲ. ದೊಡ್ಡ ಫೈಲಿಗೆ ವೈರಸ್ ತಪಾಸಣೆ ಮಾಡಲಾಗಲಿಲ್ಲ ಎಂದು ಬಂದರೆ ಅದು ಎಚ್ಚರಿಕೆ ಮಾತ್ರ. ಕಳಿಸಿದವರ ಮೇಲೆ ನಂಬಿಕೆ ಇದ್ದರೆ ಮುಂದುವರಿದು ಇಳಿಸಿಕೊಳ್ಳಬಹುದು.

ಮಿತಿ ಏಕೆ ಬೇಕು? ಫೈಲನ್ನು ಇಟ್ಟುಕೊಳ್ಳುವುದೇ ಬೇರೆ, ಹಂಚುವುದೇ ಬೇರೆ. ಹತ್ತು ವರ್ಷದ ಪ್ರಶ್ನೆಪತ್ರಿಕೆಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿದ 300 ಎಂಬಿಯ ಒಂದು ಪಿಡಿಎಫ್ ಇದೆ ಎಂದುಕೊಳ್ಳಿ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಜಾಗದಲ್ಲಿ ಅದು ಒಂದು ಮೂಲೆ ಹಿಡಿಯುತ್ತದೆ, ಅಷ್ಟೆ. ಅದನ್ನೇ ಒಂದು ದಿನದಲ್ಲಿ 5,000 ಅಭ್ಯರ್ಥಿಗಳು ಇಳಿಸಿಕೊಂಡರೆ ಗೂಗಲ್‌ನ ಕಂಪ್ಯೂಟರುಗಳಿಂದ 1,500 ಜಿಬಿ ಹೊರಗೆ ಹರಿಯಬೇಕು. ಇಟ್ಟುಕೊಂಡದ್ದರ 5,000 ಪಟ್ಟು! ಈ ಹರಿವಿಗೆ ಖರ್ಚಿದೆ, ಮತ್ತು ಪುಕ್ಕಟೆ ಖಾತೆಯವರು ಅದಕ್ಕೆ ಏನೂ ಕೊಡುತ್ತಿಲ್ಲ. ಖರ್ಚಿಗಿಂತ ದೊಡ್ಡ ತಲೆನೋವು ಕದ್ದ ಸಿನಿಮಾಗಳದ್ದಿರಬೇಕು ಎಂದು ನನ್ನ ಅನಿಸಿಕೆ. ಯಾರೋ ಒಬ್ಬರು ಹೊಸ ಚಿತ್ರವನ್ನು ಡ್ರೈವ್‌ಗೆ ಏರಿಸಿ ಲಿಂಕನ್ನು ಟೆಲಿಗ್ರಾಂನಲ್ಲಿ ಹಾಕಿದರೆ, ದೂರು ಬಂದು ತೆಗೆಯುವವರೆಗೂ ಅದು ಊರೆಲ್ಲ ಹರಡುತ್ತದೆ. ದಿನದ ಮಿತಿ ಅಂಥ ಓಟಕ್ಕೆ ತಾನಾಗಿಯೇ ಕಡಿವಾಣ ಹಾಕುತ್ತದೆ. ಕದ್ದ ಚಿತ್ರ ಯಾವುದು, ಬಡ ವಿದ್ಯಾರ್ಥಿಗಾಗಿ ಮೇಷ್ಟ್ರು ಏರಿಸಿದ ಪಿಡಿಎಫ್ ಯಾವುದು ಎಂದು ನೋಡುವ ವ್ಯವಧಾನ ಅದಕ್ಕಿಲ್ಲ.

ಡ್ರೈವ್ ಸಾರ್ವಜನಿಕ ವಿತರಣೆಗೆ ಅಲ್ಲ ಎಂಬುದನ್ನು ಗೂಗಲ್ ಹಿಂದೆಯೇ ಬೇರೆ ರೀತಿಯಲ್ಲಿ ತೋರಿಸಿತ್ತು. ಒಂದು ಕಾಲಕ್ಕೆ ಡ್ರೈವ್‌ನ ಫೋಲ್ಡರಿನಿಂದಲೇ ಪುಟ್ಟ ವೆಬ್‌ಸೈಟ್ ನಡೆಸಬಹುದಿತ್ತು. 2016ರ ಆಗಸ್ಟ್ ಕೊನೆಗೆ ಆ ಸೌಲಭ್ಯ ನಿಂತುಹೋಯಿತು. ಸಹೋದ್ಯೋಗಿಗಳು, ಸಹಪಾಠಿಗಳು, ಮನೆಮಂದಿ ತಮ್ಮತಮ್ಮಲ್ಲಿ ಕಾಗದಪತ್ರ ಹಂಚಿಕೊಳ್ಳಲು ಇದು ಬಲು ಚೆನ್ನ. ಲಿಂಕ್ ಊರಿಗೆಲ್ಲ ಹೋದಾಗಲೇ ತೊಡಕು.

ಒಂದು ಫೈಲಿಗೆ ದಿನಕ್ಕೆ ಎಷ್ಟು ಎಂಬ ಅಂಕಿಯನ್ನು ಗೂಗಲ್ ಹೇಳುವುದಿಲ್ಲ. ಹೇಳಿದರೆ ಆ ಗೆರೆಯ ಅಂಚಿನಲ್ಲೇ ಆಡುವವರು ಹುಟ್ಟುತ್ತಾರೆ. ಡ್ರಾಪ್‌ಬಾಕ್ಸ್ ಮಾತ್ರ ತನ್ನ ಲೆಕ್ಕವನ್ನು ಬಹಿರಂಗವಾಗಿಯೇ ಇಟ್ಟಿದೆ. ಅಲ್ಲಿ ಪುಕ್ಕಟೆ ಖಾತೆಯ ಲಿಂಕುಗಳಿಂದ ದಿನಕ್ಕೆ 20 ಜಿಬಿ ಹೊರಹೋಗಬಹುದು. ನಮ್ಮ 300 ಎಂಬಿಯ ಪಿಡಿಎಫ್‌ಗೆ ಹೋಲಿಸಿದರೆ 66 ಜನ, ಅಲ್ಲಿಗೆ ಮುಗಿಯಿತು. ಅಲ್ಲಿ ಇನ್ನೊಂದು ವ್ಯತ್ಯಾಸವೂ ಇದೆ. ಲೆಕ್ಕ ಒಂದು ಫೈಲಿಗಲ್ಲ, ಇಡೀ ಖಾತೆಗೆ. ಒಂದು ಫೈಲ್ ಜನಪ್ರಿಯವಾದರೆ ಆ ಖಾತೆಯ ಉಳಿದ ಹಂಚಿಕೆಗಳೂ ತಾತ್ಕಾಲಿಕವಾಗಿ ಮುಚ್ಚಿಹೋಗುತ್ತವೆ.

ಮಿತಿ ಮುಟ್ಟಿಸುವವರು ಯಾವಾಗಲೂ ಮನುಷ್ಯರೇ ಆಗಬೇಕೆಂದಿಲ್ಲ. ಯಂತ್ರಕಲಿಕೆ ಓದುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸೆಲೆಬ್‌ಎ ಎಂಬ ಚಿತ್ರಸಂಗ್ರಹ ಗೊತ್ತಿರುತ್ತದೆ. ಹಾಂಗ್‌ಕಾಂಗ್‌ನ ಚೈನೀಸ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ, ಪ್ರಸಿದ್ಧರ ಎರಡು ಲಕ್ಷಕ್ಕೂ ಹೆಚ್ಚು ಮುಖಚಿತ್ರಗಳ ಕಟ್ಟು ಅದು. ಚಿತ್ರಗಳ ಜಿಪ್ ಫೈಲ್ ಸುಮಾರು 1.4 ಜಿಬಿ, ಇರುವುದು ಗೂಗಲ್ ಡ್ರೈವ್‌ನಲ್ಲಿ. ಟಾರ್ಚ್‌ವಿಷನ್ ಎಂಬ ಬಹುಬಳಕೆಯ ತಂತ್ರಾಂಶ, ಬಳಕೆದಾರ ಒಂದು ಸಾಲು ಬರೆದರೆ ಸಾಕು, ಅಲ್ಲಿಗೆ ಹೋಗಿ ಅದನ್ನು ತಾನೇ ಇಳಿಸಿಕೊಳ್ಳುತ್ತದೆ. ಬೆಂಗಳೂರಿನ ಹುಡುಗಿಯೊಬ್ಬಳು ಬಾಡಿಗೆಯ ಕ್ಲೌಡ್ ಕಂಪ್ಯೂಟರಿನಲ್ಲಿ ತನ್ನ ಪ್ರಾಜೆಕ್ಟನ್ನು ಓಡಿಸಿದಾಗ ಒಮ್ಮೆ, ಆ ಕಂಪ್ಯೂಟರ್ ಮುಚ್ಚಿ ಮರುದಿನ ಹೊಸದು ತೆರೆದಾಗ ಮತ್ತೊಮ್ಮೆ ಅಷ್ಟೂ ಬೈಟುಗಳು ಹರಿಯುತ್ತವೆ. ಜಗತ್ತಿನ ಉದ್ದಗಲಕ್ಕೂ ಇದೇ ನಡೆಯುವುದರಿಂದ ಆ ಫೈಲ್ ಪದೇ ಪದೇ ಮಿತಿಗೆ ಮುಟ್ಟಿ ನಿಲ್ಲುತ್ತದೆ.

ಇಲ್ಲಿಯೇ ಒಂದು ಮೋಸವೂ ಅಡಗಿದೆ. ಮಿತಿ ಮೀರಿದಾಗ ಗೂಗಲ್ ಕಳಿಸುವುದು ಜಿಪ್ ಅಲ್ಲ, "Google Drive - Quota exceeded" ಎಂಬ ತಲೆಬರಹದ ಒಂದು ವೆಬ್‌ಪುಟ. ಕಣ್ಣಿಲ್ಲದ ಪ್ರೋಗ್ರಾಂ ಅದನ್ನೇ ಜಿಪ್ ಎಂದು ಹೆಸರಿಟ್ಟು ಉಳಿಸಿಬಿಡುತ್ತದೆ. ಆಮೇಲೆ ಬಿಚ್ಚಲು ಹೋದಾಗ ಪೈಥಾನ್ ಹೀಗೆ ಕೂಗುತ್ತದೆ:

```
BadZipFile: File is not a zip file
```

ಹುಡುಗಿ ತನ್ನ ಕೋಡಿನಲ್ಲಿ ತಪ್ಪು ಹುಡುಕುತ್ತ ರಾತ್ರಿ ಕಳೆಯುತ್ತಾಳೆ. ಪತ್ತೆ ಹಚ್ಚುವುದು ಸುಲಭ: ಇಳಿದ ಫೈಲಿನ ಗಾತ್ರ ನೋಡಿ. 1.4 ಜಿಬಿ ಇರಬೇಕಾದದ್ದು ಕೆಲವೇ ಕೆಬಿ ಇದ್ದರೆ, ನೋಟ್‌ಪ್ಯಾಡಿನಲ್ಲಿ ತೆರೆದರೆ `<html>` ಥರದ ಅಕ್ಷರಗಳು ಕಂಡರೆ, ಅದು ಗೂಗಲ್‌ನ ಕ್ಷಮಾಪಣಾ ಪತ್ರ. ಇಂಥ ದೂರುಗಳು ಹೆಚ್ಚಿದ ಮೇಲೆ ಟಾರ್ಚ್‌ವಿಷನ್ ಆ ತಲೆಬರಹವನ್ನೇ ಹುಡುಕಿ, ದಿನದ ಕೋಟಾ ಮುಗಿದಿದೆ ಎಂದು ನೇರವಾಗಿ ಹೇಳುವಂತೆ ಮಾಡಿದರು. ಪಿಡಿಎಫ್ ಇಳಿಸಿಕೊಂಡವರಿಗೂ ಇದೇ ಪರೀಕ್ಷೆ ಸಾಕು.

ಲಿಂಕ್ ಒತ್ತಿ ಸೋತವರ ಮುಂದೆ ಈಗ ಏನಿದೆ? ಮೊದಲನೆಯದು ಕಾಯುವುದು. ಆದರೆ ಪರೀಕ್ಷೆಯ ವಾರದಲ್ಲಿ ನಾಳೆಯ ಕೋಟಾಕ್ಕೂ ಅಷ್ಟೇ ಜನ ಕಾದು ಕೂತಿರುತ್ತಾರೆ, ಆದ್ದರಿಂದ ಒಂದೇ ಹೊತ್ತಿನಲ್ಲಿ ಪಟ್ಟು ಹಿಡಿಯದೆ ಬೇರೆ ಬೇರೆ ಹೊತ್ತಿನಲ್ಲಿ ನೋಡುವುದು ಮೇಲು. ಎರಡನೆಯದು ನಕಲು. ಲೆಕ್ಕ ಆ ಒಂದು ಫೈಲಿನ ಮೇಲಿದೆ ಎಂದೆನಲ್ಲ, ಅದರ ಪ್ರತಿಯೊಂದು ನಿಮ್ಮ ಡ್ರೈವ್‌ನಲ್ಲಿ ಹುಟ್ಟಿದರೆ ಅದು ಬೇರೆಯೇ ಫೈಲ್, ಅದರ ಲೆಕ್ಕ ಸೊನ್ನೆಯಿಂದ ಶುರು. ಕಂಪ್ಯೂಟರಿನಲ್ಲಿ ನಿಮ್ಮ ಗೂಗಲ್ ಖಾತೆಗೆ ಲಾಗಿನ್ ಆಗಿ ಲಿಂಕ್ ತೆರೆಯಿರಿ. ಮೆನುವಿನಲ್ಲಿ Make a copy ಸಿಕ್ಕರೆ ಒತ್ತಿ, ನಿಮ್ಮ ಡ್ರೈವ್‌ನಲ್ಲಿ ಬಂದ ಪ್ರತಿಯನ್ನು ಇಳಿಸಿಕೊಳ್ಳಿ. ಅಲ್ಲೇ ಪಕ್ಕದಲ್ಲಿ ಕಾಣುವ Add shortcut ಎಂಬುದರಿಂದ ಉಪಯೋಗವಿಲ್ಲ. ಶಾರ್ಟ್‌ಕಟ್ ಎಂದರೆ ಹಳೆಯ ಫೈಲಿನತ್ತ ತೋರಿಸುವ ಕೈಮರವೇ ಹೊರತು ಪ್ರತಿಯಲ್ಲ.

ಈ ದಾರಿ ಪ್ರತಿಸಲ ತೆರೆದಿರುತ್ತದೆ ಎಂದು ನಂಬಿ ಕೂರಬೇಡಿ. ನೋಡುಗರು ಇಳಿಸಿಕೊಳ್ಳದಂತೆ, ನಕಲು ಮಾಡದಂತೆ ಮಾಲೀಕರು ತಡೆದಿದ್ದರೆ ಆ ಆಯ್ಕೆಯೇ ಬರುವುದಿಲ್ಲ. ಕೆಲವೊಮ್ಮೆ ಗೂಗಲ್ ತಾನೇ ನಕಲಿಗೂ ಇಲ್ಲ ಎನ್ನುತ್ತದೆ. ಪ್ರತಿ ನಿಮ್ಮ 15 ಜಿಬಿಯಲ್ಲಿ ಜಾಗ ತಿನ್ನುವುದರಿಂದ ಕೆಲಸ ಮುಗಿದ ಮೇಲೆ ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಬೇಕು. ಮಿತಿಯನ್ನು ದಾಟಿಸಿಕೊಡುತ್ತೇವೆ, ಲಿಂಕ್ ಇಲ್ಲಿ ಅಂಟಿಸಿ, ಗೂಗಲ್ ಖಾತೆಗೆ ಅನುಮತಿ ಕೊಡಿ ಎನ್ನುವ ತಾಣಗಳ ಹತ್ತಿರ ಮಾತ್ರ ಸುಳಿಯಬೇಡಿ. ಒಂದು ಪಿಡಿಎಫ್‌ಗಾಗಿ ಇಡೀ ಡ್ರೈವ್‌ನ ಬೀಗದ ಕೈ ಕೊಟ್ಟ ಹಾಗಾಗುತ್ತದೆ.

ನಿಜವಾದ ಪರಿಹಾರ ಇರುವುದು ಫೈಲ್ ಹಾಕಿದವರ ಕೈಯಲ್ಲಿ. ಅವರಿಗೆ ವಿಷಯವೇ ಗೊತ್ತಿರುವುದಿಲ್ಲ, ಏಕೆಂದರೆ ಎಷ್ಟು ಡೌನ್‌ಲೋಡ್ ಆಯಿತೆಂದು ಡ್ರೈವ್ ತೋರಿಸುವುದಿಲ್ಲ. ಆದ್ದರಿಂದ ಗುಂಪಿನಲ್ಲಿ "ಓಪನ್ ಆಗ್ತಿಲ್ಲ" ಎಂದು ನೂರು ಸಲ ಬರೆಯುವ ಬದಲು ಅವರಿಗೊಂದು ಸ್ಕ್ರೀನ್‌ಶಾಟ್ ಕಳಿಸುವುದು ಲೇಸು. ಹೆಚ್ಚು ಜಾಗ ಕೊಂಡರೆ ಸರಿಹೋಗುತ್ತದೆಂದು ಅವರು ದುಡ್ಡು ಕಟ್ಟುವ ಮೊದಲು ಒಂದು ಮಾತು: ಮಾರುವ ಯೋಜನೆಗಳು ಕೊಡುವುದು ಜಾಗವನ್ನು, ಜಾಗಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ.

ಅವರು ಮೊದಲು ನೋಡಬೇಕಾದ್ದು ಫೈಲಿನ ತೂಕ. ಬಣ್ಣದಲ್ಲಿ, ಇಂಚಿಗೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಬೂದು ಬಣ್ಣದಲ್ಲಿ, 150 ಚುಕ್ಕೆಗಳಿಗೆ ಇಳಿಸಿದರೆ ಚುಕ್ಕೆಗಳ ಸಂಖ್ಯೆಯೇ ಕಾಲುಭಾಗವಾಗುತ್ತದೆ. ಓದಲು ತೊಂದರೆ ಇಲ್ಲ. ನಮ್ಮ ಪಿಡಿಎಫ್ ಹೀಗೆ 40 ಎಂಬಿಗೆ ಬಂತೆನ್ನಿ, 5,000 ಜನರಿಗೆ ಹರಿಯುವುದು 1,500ರ ಬದಲು 200 ಜಿಬಿ. ವರ್ಷಕ್ಕೊಂದರಂತೆ ಹತ್ತು ಫೈಲು ಮಾಡಿದರೆ ಇನ್ನೂ ಹಗುರ, ಏಕೆಂದರೆ ಎಲ್ಲರಿಗೂ ಎಲ್ಲ ವರ್ಷವೂ ಬೇಕಿರುವುದಿಲ್ಲ. ತುರ್ತಿಗೆ ಅದೇ ಫೈಲನ್ನು ಮತ್ತೆರಡು ಸಲ ಏರಿಸಿ ಬೇರೆ ಬೇರೆ ಗುಂಪಿಗೆ ಬೇರೆ ಲಿಂಕ್ ಕೊಡಬಹುದು.

ಇಷ್ಟಕ್ಕೂ ಜನ ಬರುತ್ತಲೇ ಇದ್ದರೆ ಹಂಚುವುದಕ್ಕೆಂದೇ ಇರುವ ಕಡೆ ಸ್ಥಳಾಂತರಿಸುವುದು ಸರಿ. ವಿಡಿಯೋ ಆದರೆ ಯೂಟ್ಯೂಬ್. ಹಂಚುವ ಹಕ್ಕು ನಿಮಗಿರುವ ಪುಸ್ತಕ, ಧ್ವನಿಮುದ್ರಣಗಳಾದರೆ ಇಂಟರ್ನೆಟ್ ಆರ್ಕೈವ್. ಅಮೆರಿಕದ ಈ ಲಾಭರಹಿತ ಸಂಸ್ಥೆ 1996ರಲ್ಲಿ ಶುರುವಾಯಿತು, ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳೂ ಅಲ್ಲಿ ಸಾಕಷ್ಟು ಸಿಗುತ್ತವೆ. ತಂತ್ರಾಂಶ, ದತ್ತಾಂಶದ ಕಟ್ಟುಗಳಿಗೆ ಗಿಟ್‌ಹಬ್‌ನ ರಿಲೀಸ್ ವಿಭಾಗ ಒಗ್ಗುತ್ತದೆ. ಅಲ್ಲಿ ಒಂದೊಂದು ಫೈಲ್ 2 ಜಿಬಿಗಿಂತ ಕಡಿಮೆ ಇರಬೇಕು, ಡೌನ್‌ಲೋಡ್ ಹರಿವಿಗೆ ಮಿತಿ ಇಟ್ಟಿಲ್ಲ.

ಸ್ಥಳಾಂತರಿಸಿದ ಮೇಲೂ ಹಳೆಯ ಲಿಂಕ್ ಫಾರ್ವರ್ಡ್ ಆಗುತ್ತಲೇ ಇರುತ್ತದೆ. ಅದಕ್ಕೆ ಡ್ರೈವ್‌ನಲ್ಲೇ ಒಂದು ಉಪಾಯವಿದೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಸಿಗುವ Manage versions ಮೂಲಕ ಅದೇ ಲಿಂಕಿನಡಿ ಹೊಸ ಆವೃತ್ತಿಯನ್ನು ಏರಿಸಬಹುದು. 300 ಎಂಬಿಯ ಪಿಡಿಎಫ್ ಜಾಗದಲ್ಲಿ, ಹೊಸ ವಿಳಾಸ ಬರೆದ ಒಂದೇ ಪುಟದ ಪಿಡಿಎಫ್ ಇಟ್ಟರೆ ಸಾಕು. ಇವತ್ತಿನ ತಡೆ ತೆರವಾದ ಮೇಲೆ, ಹಳೆಯ ಲಿಂಕನ್ನು ಯಾವ ಗುಂಪಿನಿಂದ ಒತ್ತಿದವರಿಗೂ ಆ ಪುಟವೇ ತೆರೆಯುತ್ತದೆ.